ಫೋಟೋ ಇದೆ, ಹೆಸರು ಮಾತ್ರ ಸಿಗಲಿಲ್ಲ

ಮುಂಬೈ ಹತ್ರದ ಡೊಂಬಿವಲಿ ಸ್ಟೇಷನ್ನಲ್ಲಿ ನಮ್ಮ ಕಾಕಾ ತಲೆಸುತ್ತಿ ಕೂತ್ಬಿಟ್ಟಾಗ ಯಾರೋ ಒಬ್ಬ ಹುಡುಗ ನೀರು ಕುಡಿಸಿ, ತನ್ನ ಟ್ರೇನ್ ಬಿಟ್ಟು, ನಾನು ಬರೋ ತನಕ ಪಕ್ಕದಲ್ಲೇ ಕೂತಿದ್ದ. ನಾನು ಬಂದಿದ್ದೇ ತಡ ಮುಂದಿನ ಲೋಕಲ್ ಹತ್ತಿ ಹೋಗೇಬಿಟ್ಟ, ಹೆಸರು ಕೇಳೋಕೂ ಆಗ್ಲಿಲ್ಲ. ಕಾಕಾ ಅಷ್ಟರಲ್ಲೇ ಅವನದ್ದೊಂದು ಫೋಟೋ ತೆಗೆದಿಟ್ಕೊಂಡಿದ್ರು.

ಮನೆಗೆ ಬಂದು ಸುಧಾರಿಸ್ಕೊಂಡ ಮೇಲೆ ಆ ಫೋಟೋನ ಫೋನ್ನಲ್ಲಿರೋ ಎಐ ಆ್ಯಪ್‌ಗೆ ಹಾಕಿದ್ರು. ನೀಲಿ ಚೆಕ್ಸ್ ಶರ್ಟು, ಸಣ್ಣ ಗಡ್ಡ, ಹೆಗಲ ಮೇಲೆ ಬ್ಯಾಗು, ಹಿಂದೆ ಪ್ಲಾಟ್‌ಫಾರ್ಮ್, ಎಲ್ಲಾ ಸರಿಯಾಗೇ ಬಂತು. ಮುಖ ನೋಡಿ ಯಾರು ಅಂತ ಮಾತ್ರ ಹೇಳಲ್ಲ ಅಂತು. ಕಾಕಾಗೆ ಸಿಟ್ಟು, "ಇಷ್ಟೆಲ್ಲಾ ಹೇಳತೈತಿ, ಹೆಸರು ಹೇಳಾಕ ಏನ್ ಧಾಡಿ ಇದಕ್ಕ?" ನಾನು ಆಫೀಸುಗಳಿಗೆ ಮುಖ ನೋಡಿ ಹಾಜರಿ ಹಾಕೋ ಮಷಿನ್ ಕೂರಿಸೋ ಕೆಲಸದವಳು, ಹಂಗಾಗಿ ಸಿಟ್ಟು ನನ್ ಮೇಲೇ ತಿರುಗ್ತು, "ನಿನ್ ಮಷಿನ್ ಹೇಳಂಗಿಲ್ಲೇನು?"

ನಮ್ಮ ಮಷಿನ್ ಹೇಳತ್ತೆ ಕಾಕಾ, ಯಾಕಂದ್ರೆ ಆ ಆಫೀಸಿನವರ ಮುಖಗಳನ್ನ ಮೊದಲೇ ಹೆಸರಿನ ಜೊತೆ ತುಂಬಿಸಿರ್ತೀವಿ. ಮುಖ ಕಂಡ ತಕ್ಷಣ ಅದನ್ನ ಒಂದು ಸಾಲು ಅಂಕಿ ಮಾಡ್ಕೊಂಡು, ಪಟ್ಟಿಯಲ್ಲಿರೋ ಅಂಕಿಗಳಲ್ಲಿ ಯಾವುದು ಹತ್ತಿರ ಅಂತ ನೋಡತ್ತೆ ಅಷ್ಟೇ. ಈ ಆ್ಯಪ್ ಹತ್ರ ಊರಿನ ಜನರ ಅಂಥ ಪಟ್ಟಿ ಇರಲ್ಲ. ಕಲಿಯೋವಾಗ ಹೆಸರಿನ ಜೊತೆ ಸಾವಿರಾರು ಸಲ ಕಂಡ ನಟರು, ರಾಜಕಾರಣಿಗಳ ಮುಖ ಬೇಕಾದ್ರೆ ಗುರುತು ಸಿಗಬಹುದು, ಆದ್ರೆ ಡೊಂಬಿವಲಿ ಹುಡುಗನ ಹೆಸರು ಅದಕ್ಕೆ ಎಲ್ಲಿಂದ ಬರ್ಬೇಕು? ಒತ್ತಾಯ ಮಾಡಿದ್ರೆ ಒಂದು ಪಾಟೀಲನ್ನೋ ಶಿಂಧೆನೋ ಸೃಷ್ಟಿ ಮಾಡಿ, ಗೊತ್ತಿರೋರ ಥರ ಹೇಳ್ಬಿಡಬಹುದು.

"ಪಟ್ಟಿ ಕೊಟ್ರಾತಲ್ಲ!" ಅಂದ್ರು. ಅಲ್ಲೇ ಇರೋದು ಪೇಚು. ಲಕ್ಷ ಹೋಲಿಕೆಗೆ ಒಂದು ತಪ್ಪುತ್ತೆ ಅಂತ ಇಟ್ಕೊಳ್ಳಿ, ಭಾರಿ ಒಳ್ಳೆ ಮಷಿನ್ನೇ. ಇನ್ನೂರು ಜನರ ಆಫೀಸಲ್ಲಿ ಅದರಿಂದ ಏನೂ ತೊಂದ್ರೆ ಇಲ್ಲ. ಅದೇ ಮಷಿನ್ನಿಗೆ 70 ಲಕ್ಷ ಲೋಕಲ್ ಪ್ಯಾಸೆಂಜರ್‌ಗಳ ಪಟ್ಟಿ ಕೊಟ್ಟು ಈ ಹುಡುಗನ್ನ ಹುಡುಕು ಅಂದ್ರೆ, ಅವನಲ್ಲದ ಸುಮಾರು 70 ಜನ 'ಇವನೇ' ಅಂತ ಎದುರು ಬಂದು ನಿಲ್ತಾರೆ. ನಿಜವಾದ ಹುಡುಗ ಪಟ್ಟಿಯಲ್ಲೇ ಇಲ್ದಿದ್ರೂ ಆ 70 ಜನ ಬಂದೇ ಬರ್ತಾರೆ. ಕತ್ತಲಲ್ಲಿ, ಓರೆಯಾಗಿ ತೆಗೆದ ಫೋಟೋ ಆದ್ರೆ ಇನ್ನೂ ಕೆಟ್ಟದು. ಅಮೆರಿಕದ ಡೆಟ್ರಾಯಿಟ್ ಹತ್ರ 2020ರ ಜನವರಿಯಲ್ಲಿ ರಾಬರ್ಟ್ ವಿಲಿಯಮ್ಸ್ ಅನ್ನೋರನ್ನ ವಾಚ್ ಕಳ್ಳತನದ ಕೇಸಲ್ಲಿ ಪೊಲೀಸರು ಮನೆ ಮುಂದೆ, ಹೆಂಡತಿ ಮಕ್ಕಳ ಎದುರಿಗೇ ಅರೆಸ್ಟ್ ಮಾಡಿದ್ರು. ಅಂಗಡಿ ಕ್ಯಾಮೆರಾದ ಮಸುಕು ಚಿತ್ರಕ್ಕೆ ಅವರ ಹಳೇ ಲೈಸೆನ್ಸ್ ಫೋಟೋನ ಸಾಫ್ಟ್‌ವೇರ್ ತಾಳೆ ಹಾಕಿತ್ತು. ಕದ್ದೋರು ಅವರಲ್ಲ.

ಕಾಕಾ ಬಗ್ಗಲಿಲ್ಲ, ಸರಿಯಾಗಿ ಗುರ್ತಿಸಿದ್ರ ಹೇಳಬಹುದಲ್ಲ, ನಾ ಏನ್ ಕಳ್ಳನ್ನ ಹುಡುಕಾಕತ್ತೇನೇನು ಅಂತ. ಆಗ ನಾನು ಕೇಳ್ದೆ, ನಿಮ್ಮ ಮಗಳು ದಿನಾ ಲೇಡೀಸ್ ಡಬ್ಬಿ ಬಾಗಿಲಲ್ಲಿ ನಿಂತು ಥಾಣೆಗೆ ಹೋಗ್ತಾಳಲ್ಲ, ಪ್ಲಾಟ್‌ಫಾರ್ಮ್ ಮೇಲಿಂದ ಯಾವನೋ ಅವಳ ಫೋಟೋ ಹೊಡ್ಕೊಂಡು ಇದೇ ಆ್ಯಪ್‌ಗೆ ಹಾಕಿದ್ರೆ? ಹೆಸರು ಸಿಕ್ರೆ ಇನ್‌ಸ್ಟಾ ಸಿಗತ್ತೆ, ಅಲ್ಲಿಂದ ಆಫೀಸು, ಬಿಲ್ಡಿಂಗು ಎಲ್ಲಾ. ಆ್ಯಪ್‌ಗೆ ಕಾಣೋದು ಫೋಟೋ ಮತ್ತು ಪ್ರಶ್ನೆ ಮಾತ್ರ, ಫೋನ್ ಹಿಡಿದಿರೋದು ಥ್ಯಾಂಕ್ಸ್ ಹೇಳೋ ಕಾಕಾನೋ ಹಿಂದೆ ಬಿದ್ದಿರೋ ಪೋಲಿನೋ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು, ಅವನೂ 'ಸಹಾಯ ಮಾಡಿದ್ಳು, ಥ್ಯಾಂಕ್ಸ್ ಹೇಳ್ಬೇಕು' ಅಂತಾನೇ ಬರೀತಾನೆ. ಕಾಕಾ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಹಾಗಂತ ಫೋಟೋ ಪೂರ್ತಿ ದಂಡ ಅಲ್ಲ. ಮುಖ ಬಿಟ್ಟು ಬೇರೆ ಕಡೆ ಬರೆದಿರೋದನ್ನ ಇಂಥ ಆ್ಯಪ್ ಓದತ್ತೆ, ಕತ್ತಿನ ಐಡಿ ಕಾರ್ಡಲ್ಲಿ ಹೆಸರು ಕಂಡಿದ್ರೆ 'ಕಾರ್ಡಲ್ಲಿ ಹೀಗಿದೆ' ಅಂತ ಹೇಳ್ತಿತ್ತು, ಆದ್ರೂ ಕಾರ್ಡು ಅವನದ್ದೇ ಅಂತ ಗ್ಯಾರಂಟಿ ಅದಕ್ಕಿಲ್ಲ. ನಮ್ಮ ಹುಡುಗನ ಕಾರ್ಡು ಉಲ್ಟಾ ತಿರುಗಿತ್ತು. ಬ್ಯಾಗ್ ಮೇಲೆ ಮಾತ್ರ ಹತ್ತಿರದ್ದೇ ಒಂದು ಕೋಚಿಂಗ್ ಕ್ಲಾಸಿನ ಹೆಸರು ಮರಾಠಿಯಲ್ಲಿ ಇತ್ತು, ಝೂಮ್ ಮಾಡಿದ್ರೆ ನಮಗೇ ಕಾಣ್ತು.

ಕಾಕಾ ಅವತ್ತೇ ಸಂಜೆ ಧಾರವಾಡ ಪೇಡಾ ಬಾಕ್ಸ್ ತಗೊಂಡು ಹೊರಟ್ರು. ಅಲ್ಲಿ ಫೋಟೋ ತೋರಿಸ್ಕೊಂಡು ವಿಚಾರಿಸ್ಬೇಡಿ, ನಡೆದಿದ್ದು ಬರೆದು ನಿಮ್ಮ ನಂಬರ್ ಬಿಟ್ಟು ಬನ್ನಿ, ಮನಸ್ಸಿದ್ರೆ ಅವನೇ ಫೋನ್ ಮಾಡ್ತಾನೆ ಅಂದೆ. ಗೊಣಗ್ತಾನೇ ಹಾಗೇ ಮಾಡಿ ಬಂದ್ರು. ಈಗ ಯಾವ ಗೊತ್ತಿಲ್ಲದ ನಂಬರ್ ಬಂದ್ರೂ ಎತ್ತತಾರೆ, ಲೋನ್ ಬೇಕಾ ಅನ್ನೋರ ಹತ್ರಾನೂ "ನೀ ಸ್ಟೇಷನ್ನಿನ ಹುಡುಗ ಏನಪಾ?" ಅಂತ ಮೊದಲು ಕೇಳ್ತಾರೆ.