‘ನಿನ್ನೆಯ ಮಾರಾಟ’ ಅಂತ ತೋರಿಸಿದ್ದು ಮೊನ್ನೆಯದು

ಬಸವನಗುಡಿ ಕಡೆಯ ಒಂದು ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಪುಡಿಗಳು. ಯಜಮಾನರು ಬೆಳಿಗ್ಗೆ ಆರೂವರೆಗೆ ಮೊಬೈಲಿನಲ್ಲಿ ಡ್ಯಾಶ್‌ಬೋರ್ಡ್ ನೋಡಿ, ಅಡುಗೆ ಭಟ್ಟರಿಗೆ ಫೋನ್ ಮಾಡಿ ಇವತ್ತು ಯಾವುದು ಎಷ್ಟು ಕೆ.ಜಿ. ಅಂತ ಹೇಳುತ್ತಾರೆ. ನಾವು ಆ ಡ್ಯಾಶ್‌ಬೋರ್ಡ್ ಹಾಕಿಕೊಟ್ಟ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ಬೆಳಿಗ್ಗೆ ಎದ್ದು ಇದನ್ನ ಯಾರು ತುಂಬ್ತಾರೆ?” ನಾನು ಕೊಟ್ಟ ಉತ್ತರ: “ಯಾರೂ ಇಲ್ಲ ಸಾರ್, ತಾನಾಗೇ ಆಗುತ್ತೆ.” ಆ ಎರಡು ಪದದ ಬೆಲೆ ಒಂದು ಸೋಮವಾರ ಗೊತ್ತಾಯಿತು.

ಆ ಬೆಳಿಗ್ಗೆ ‘ನಿನ್ನೆಯ ಮಾರಾಟ’ ಅನ್ನುವ ಕಾರ್ಡಿನಲ್ಲಿ 38,640 ರೂಪಾಯಿ. ಗಲ್ಲದ ನಗದು, ಯುಪಿಐ ಎರಡೂ ಕೂಡಿಸಿದರೆ 27,150. ವ್ಯತ್ಯಾಸ 11,490. ನಾನು ಅಂಗಡಿ ತಲುಪುವ ಹೊತ್ತಿಗೆ ಯಜಮಾನರು ಗಲ್ಲದ ಮುಂದೆ ಮೂರನೇ ಸಲ ನೋಟು ಎಣಿಸುತ್ತಿದ್ದರು. ಕ್ಯಾಶಿನಲ್ಲಿ ಕೂರುವ ಹುಡುಗ ಪಕ್ಕದಲ್ಲಿ ನಿಂತಿದ್ದ. ಯಾರೂ ಅವನಿಗೆ ಏನೂ ಅಂದಿರಲಿಲ್ಲ, ಆದರೆ ಅವನಿಗೆ ಎಲ್ಲ ಅರ್ಥವಾಗಿತ್ತು. ನಾನು ಮೊದಲು ತೆರೆದದ್ದು ಬೆಳಿಗ್ಗೆ ಲೆಕ್ಕ ತುಂಬುವ ಸ್ಕ್ರಿಪ್ಟಿನ ಲಾಗ್. ಅದರಲ್ಲಿ `Completed` ಅಂತಿತ್ತು. “ನಮ್ಮ ಕಡೆ ಎಲ್ಲ ಸರಿ ಇದೆ ಸಾರ್” ಅಂದೆ. ಹುಡುಗನ ಮುಖ ಇನ್ನೂ ಇಳಿಯಿತು. ಆ ಮಾತು ನಾನು ಆಡಬಾರದಿತ್ತು. `Completed` ಅಂದರೆ ಸ್ಕ್ರಿಪ್ಟ್ ಓಡಿ ಮುಗಿಯಿತು ಅಂತ ಅಷ್ಟೇ. ಲೆಕ್ಕ ಸರಿ ಇದೆ ಅಂತ ಅಲ್ಲ.

ಆಮೇಲೆ ನೋಡಿದ್ದು ಬಿಲ್ ನಂಬರ್. ತಂತಿಗೆ ಚುಚ್ಚಿದ್ದ ಭಾನುವಾರದ ಕೊನೆಯ ಬಿಲ್ 2914. ಡ್ಯಾಶ್‌ಬೋರ್ಡ್ ಓದುವ ಗೂಗಲ್ ಶೀಟಿನ ಕೊನೆಯ ಸಾಲು 2731. ನಡುವಿನ 183 ಬಿಲ್ ಶೀಟಿಗೆ ಬಂದೇ ಇಲ್ಲ. ಪರದೆಯ ಮೇಲಿದ್ದ 38,640 ಶನಿವಾರದ ವ್ಯಾಪಾರ. ಗಲ್ಲದಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ.

ಯಜಮಾನರಿಗೆ ಅವತ್ತು ಹೇಳಿದ್ದನ್ನು ಮೊದಲ ದಿನವೇ ಹೇಳಬೇಕಿತ್ತು. ಮನೆ ಗೇಟಿಗೆ ರಾತ್ರಿ ಹಾಲಿನ ಚೀಲ ನೇತುಹಾಕಿ ಮಲಗುತ್ತೀರಿ. ಬೆಳಿಗ್ಗೆ ಐದಕ್ಕೆ ಹಾಲಿನವನು ಬಂದು ಪ್ಯಾಕೆಟ್ ಹಾಕಿ ಹೋಗುತ್ತಾನೆ. ನೀವು ಏಳಬೇಕಾಗಿಲ್ಲ ನಿಜ, ಆದರೆ ಚೀಲ ಹಾಕಿದ್ದು ನೀವೇ. ಹಾಕದಿದ್ದರೂ ಅವನು ಬಂದೇ ಬರುತ್ತಾನೆ, ಕೊಡದೆ ಹೋಗುತ್ತಾನೆ, ನಿಮ್ಮನ್ನು ಎಬ್ಬಿಸುವುದಿಲ್ಲ.

ಇಲ್ಲಿ ಚೀಲ ಅಂದರೆ ಅಂಗಡಿಯ ಕಂಪ್ಯೂಟರ್. ಆಗಿನ ಏರ್ಪಾಡು ಹೀಗಿತ್ತು: ರಾತ್ರಿ 10:15ಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಆ ದಿನದ ಬಿಲ್ಲುಗಳು ಒಂದು ಸಿಎಸ್‌ವಿ ಫೈಲ್ ಆಗಿ ಡ್ರೈವ್ ಫೋಲ್ಡರಿಗೆ ಬೀಳುತ್ತವೆ, ಇಂಟರ್ನೆಟ್ ಇದ್ದರೆ ಅಲ್ಲಿಂದ ಮೇಲಕ್ಕೆ ಹೋಗುತ್ತವೆ. ಬೆಳಿಗ್ಗೆ ಐದರಿಂದ ಆರರೊಳಗೆ ಗೂಗಲ್‌ನ ಟ್ರಿಗರ್ ನಮ್ಮ ಸ್ಕ್ರಿಪ್ಟನ್ನು ಓಡಿಸುತ್ತದೆ. ಅದು ಹಿಂದಿನ ದಿನದ ತಾರೀಖು ಇರುವ ಫೈಲ್ ಹುಡುಕಿ ಶೀಟಿಗೆ ಸುರಿಯುತ್ತದೆ. ಡ್ಯಾಶ್‌ಬೋರ್ಡ್ ಶೀಟನ್ನು ಓದುತ್ತದೆ. ಐದು ಗಂಟೆ ಅಂದರೆ ಸರಿಯಾಗಿ ಐದಲ್ಲ. ಆ ಒಂದು ಗಂಟೆಯೊಳಗೆ ಯಾವ ನಿಮಿಷ ಅನ್ನುವುದನ್ನು ಗೂಗಲ್ ಆರಿಸುತ್ತದೆ. ಹಾಗಾಗಿ 5:20ಕ್ಕೆ ನೋಡಿ ಹಳೆಯದು ಕಂಡರೆ ಅದು ತಪ್ಪಲ್ಲ, ಆರೂವರೆಗೆ ನೋಡಿ ಹಳೆಯದು ಕಂಡರೆ ಮಾತ್ರ ತಪ್ಪು.

ಆ ಭಾನುವಾರ ಯಜಮಾನರ ಮನೆಯಲ್ಲಿ ಸಮಾರಂಭ. ಎಂಟೂವರೆಗೇ ಬಾಗಿಲು ಹಾಕಿ, ಎಂದಿನ ಹಾಗೆ ಕಂಪ್ಯೂಟರ್ ಆನ್ ಬಿಡದೆ ಮೇನ್ ಸ್ವಿಚ್ಚೇ ಆರಿಸಿ ಹೋಗಿದ್ದಾರೆ. 10:15ಕ್ಕೆ ಫೈಲ್ ಮಾಡಲು ಯಂತ್ರವೇ ಎಚ್ಚರ ಇರಲಿಲ್ಲ. ಅಂಗಡಿಯವರು ಬೇಗ ಬಾಗಿಲು ಹಾಕುವುದು ಸಹಜ, ಅದನ್ನು ತಾಳಿಕೊಳ್ಳದ ಏರ್ಪಾಡು ನಮ್ಮದು. ತಪ್ಪು ಇದ್ದದ್ದು ಈ ಸಾಲಿನಲ್ಲಿ:

```javascript
if (!files.hasNext()) return;
```

ಫೈಲ್ ಇಲ್ಲದಿದ್ದರೆ ಸದ್ದಿಲ್ಲದೆ ವಾಪಸ್. ಇದನ್ನು ಬರೆಯಲು ಕಾರಣ ಮಂಗಳವಾರದ ವಾರದ ರಜೆ. ಬುಧವಾರ ಬೆಳಿಗ್ಗೆ ಸುಮ್ಮನೆ ಎರರ್ ಬರದಿರಲಿ ಅಂತ. ಅದೇ ಕಾರಣಕ್ಕೆ ಕಾರ್ಡ್ ಕೂಡ ಶೀಟಿನಲ್ಲಿರುವ ಕೊನೆಯ ತಾರೀಖಿನ ಮೊತ್ತ ತೋರಿಸುವ ಹಾಗಿತ್ತು, ಖಾಲಿ ಕಾಣಬಾರದು ಅಂತ. ಎರಡೂ ಸೇರಿ, ಲೆಕ್ಕ ಬರದ ದಿನ ಹಳೆಯ ಲೆಕ್ಕಕ್ಕೆ ‘ನಿನ್ನೆಯ’ ಅನ್ನುವ ಹೆಸರು ಅಂಟಿಸಿ ಕೊಟ್ಟವು. ಖಾಲಿ ಕಂಡಿದ್ದರೆ ಯಜಮಾನರು ನನಗೆ ಫೋನ್ ಮಾಡುತ್ತಿದ್ದರು. ತುಂಬಿ ಕಂಡದ್ದರಿಂದ ಹುಡುಗನ ಕಡೆ ನೋಡಿದರು.

ಈಗ ಆ ಜಾಗದಲ್ಲಿ ಇದಿದೆ:

```javascript
if (!files.hasNext() && !isHoliday) {
  throw new Error(name + " ಬಂದಿಲ್ಲ");
}
```

ರಜೆಯ ದಿನಗಳನ್ನು ಯಜಮಾನರೇ ಇನ್ನೊಂದು ಶೀಟಿನಲ್ಲಿ ಬರೆದಿಡುತ್ತಾರೆ, `isHoliday` ಅದನ್ನು ನೋಡಿ ಹೇಳುತ್ತದೆ. `throw` ಆದಾಗ ಮಾತ್ರ ಲಾಗ್‌ನಲ್ಲಿ `Failed` ಅಂತ ಬರುತ್ತದೆ, ಆಗ ಮಾತ್ರ ಗೂಗಲ್ ಮೇಲ್ ಕಳಿಸುತ್ತದೆ. ಟ್ರಿಗರ್ ಮಾಡುವಾಗ ಆ ಮೇಲ್ `Notify me daily` ಅಂತ ಇರುತ್ತದೆ. ಅದನ್ನು `Notify me immediately` ಮಾಡದಿದ್ದರೆ ಸುದ್ದಿ ಬರುವಷ್ಟರಲ್ಲಿ ಭಟ್ಟರು ಎಣ್ಣೆ ಕಾಯಿಸಿ ಮುಗಿದಿರಬಹುದು.

ಫೈಲ್ ತಡವಾಗಿ ಬಂದರೆ ಏನು ಅನ್ನುವುದಕ್ಕೂ ದಾರಿ ಬೇಕು. ಸ್ಕ್ರಿಪ್ಟ್ ಈಗ ನಿನ್ನೆಯದನ್ನು ಮಾತ್ರ ಹುಡುಕದೆ ಹಿಂದಿನ ಏಳು ದಿನದ ಫೈಲುಗಳನ್ನೂ ನೋಡುತ್ತದೆ. ಸಿಕ್ಕಿದ್ದನ್ನೆಲ್ಲ ತುಂಬಿದ ಮೇಲೆಯೇ ನಿನ್ನೆಯದು ಇಲ್ಲವೆಂದು ಎರರ್ ಕೊಡುತ್ತದೆ. ತುಂಬುವಾಗ ಒಂದು ಎಚ್ಚರಿಕೆ: ಆ ತಾರೀಖಿನ ಹಳೆಯ ಸಾಲುಗಳನ್ನು ಮೊದಲು ಅಳಿಸಿ ಆಮೇಲೆ ಹೊಸದಾಗಿ ಬರೆಯಬೇಕು. ಹಾಗೆ ಮಾಡದೆ ಕೆಳಗೆ ಸೇರಿಸುತ್ತಾ ಹೋದರೆ ಒಂದೇ ಫೈಲ್ ಎರಡು ಸಲ ಬಿದ್ದು 27,150 ಹೋಗಿ 54,300 ಆಗುತ್ತದೆ. ಫೈಲ್ ಮಾಡುವ ಕೆಲಸವನ್ನೂ ಗಡಿಯಾರದಿಂದ ಬಿಡಿಸಿ, ಹುಡುಗ ರಾತ್ರಿ ಹೇಗೂ ಒತ್ತುವ ಡೇ ಕ್ಲೋಸ್ ಬಟನ್ನಿಗೆ ಕಟ್ಟಿದ್ದೇವೆ. ಬಾಗಿಲು ಎಂಟೂವರೆಗೆ ಹಾಕಲಿ, ಹತ್ತಕ್ಕೆ ಹಾಕಲಿ, ಫೈಲ್ ಅದರ ಜೊತೆಗೇ ಹೋಗುತ್ತದೆ. ಮೇನ್ ಆರಿಸುವ ಮುಂಚೆ ಸಿಂಕ್ ಮುಗಿದಿದೆಯೇ ನೋಡಬೇಕು, ಅಷ್ಟೇ.

ಇನ್ನೊಂದು ವಿಷಯವನ್ನು ನಮ್ಮ ಮ್ಯಾನೇಜರಿಗೆ ಹಲವು ಸಲ ಹೇಳಿದ್ದೇನೆ. ಟ್ರಿಗರ್ ಓಡುವುದು ಅದನ್ನು ಮಾಡಿದವರ ಅಕೌಂಟಿನಲ್ಲಿ. ಗ್ರಾಹಕರ ಟ್ರಿಗರನ್ನು ನಮ್ಮ ಹುಡುಗರ ಆಫೀಸ್ ಅಕೌಂಟಿನಲ್ಲಿ ಇಟ್ಟರೆ, ಅವರು ಕೆಲಸ ಬಿಟ್ಟು ಆ ಅಕೌಂಟ್ ಅಳಿಸಿದ ದಿನ ಅಂಗಡಿಯ ಬೆಳಗಿನ ಲೆಕ್ಕವೂ ನಿಲ್ಲುತ್ತದೆ. ಡೆಮೋದಲ್ಲಿ ‘ಝೀರೋ ಟಚ್’ ಅಂತ ಸ್ಲೈಡ್ ಹಾಕುವವರು ಈ ಒಂದು ಕೆಲಸವನ್ನಾದರೂ ಮೊದಲ ದಿನವೇ ಯಜಮಾನರ ಅಕೌಂಟಿನಲ್ಲಿ ಮಾಡಿಸಬೇಕು. ಈ ಅಂಗಡಿಯದನ್ನು ಅದೇ ವಾರ ಬದಲಾಯಿಸಿದೆವು.

ಕಾರ್ಡಿನ ತಲೆಯ ಮೇಲೆ ಈಗ ‘ನಿನ್ನೆಯ’ ಅನ್ನುವ ಪದವೇ ಇಲ್ಲ. ವಾರ, ತಾರೀಖು, ಕೊನೆಯ ಬಿಲ್ ನಂಬರ್ ಇದೆ. ಸ್ಕ್ರಿಪ್ಟ್ ಎಷ್ಟು ಗಂಟೆಗೆ ಓಡಿತು ಅನ್ನುವುದನ್ನು ಬೇಕೆಂದೇ ತೆಗೆದೆ, ಏಕೆಂದರೆ ಆ ಸೋಮವಾರವೂ ಅದು 5:37 ಅಂತ ಹೊಸ ಸಮಯವನ್ನೇ ತೋರಿಸುತ್ತಿತ್ತು. ಹುಡುಗ ರಾತ್ರಿ ಕೊನೆಯ ಬಿಲ್ಲಿನ ಫೋಟೋ ಯಜಮಾನರಿಗೆ ವಾಟ್ಸಾಪ್ ಮಾಡುತ್ತಾನೆ. ಅವರು ಬೆಳಿಗ್ಗೆ ಮೊದಲು ಆ ನಂಬರನ್ನೂ ಕಾರ್ಡಿನ ನಂಬರನ್ನೂ ಹೋಲಿಸುತ್ತಾರೆ, ಆಮೇಲೆ ಮೊತ್ತ ನೋಡಿ ಭಟ್ಟರಿಗೆ ಫೋನ್ ಮಾಡುತ್ತಾರೆ.