ಮುಸುರೆ ಪಾತ್ರೆಯ ಲೆಕ್ಕ: ಕೈಯಲ್ಲಿ ತೊಳೆದರೆ ಎಷ್ಟು, ಡಿಶ್‌ವಾಷರ್‌ನಲ್ಲಿ ಎಷ್ಟು? (ನಾಲ್ಕನೇ ವಾರ)

ಮನೆಯಲ್ಲಿ ನಾವು ನಾಲ್ಕು ಜನ. ಡಿಶ್‌ವಾಷರ್ ನೀರು ಉಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲೂ ಹಾಗೇನಾ ಅಂತ ಅಳೆದು ನೋಡಬೇಕು ಅನ್ನಿಸಿತು. ನಾಲ್ಕು ವಾರ ಅಳೆದಿದ್ದೇನೆ.

ಮೊದಲ ವಾರ: ಕೈಯಲ್ಲಿ

ಸಿಂಕ್ ಕೆಳಗಿನ ಪೈಪ್ ಬಿಚ್ಚಿ ಬಕೆಟ್ ಇಟ್ಟೆ. ಬಕೆಟ್ ಒಳಗೆ ಲೀಟರ್ ಲೆಕ್ಕದಲ್ಲಿ ಮೊದಲೇ ಗೆರೆ ಹಾಕಿದ್ದೆ. ಎಂದಿನಂತೆಯೇ ತೊಳೆಯಿರಿ, ಬೇಕಂತ ಉಳಿಸಬೇಡಿ ಎಂದು ಮನೆಯವರಿಗೆ ಹೇಳಿದ್ದೆ. ದಿನಕ್ಕೆ ಎರಡು ಸಲ ತೊಳೆಯುತ್ತೇವೆ. ವಾರದ ಸರಾಸರಿ ದಿನಕ್ಕೆ 64 ಲೀಟರ್ ಬಂತು.

ನಮ್ಮ ನಲ್ಲಿಯಲ್ಲಿ ಒಂದು ಲೀಟರ್ ತುಂಬಲು 8 ಸೆಕೆಂಡ್ ಸಾಕು. ಅಂದರೆ ನಿಮಿಷಕ್ಕೆ 7.5 ಲೀಟರ್. ಆ ಲೆಕ್ಕದಲ್ಲಿ 64 ಲೀಟರ್ ಎಂದರೆ ನಲ್ಲಿ ಬರೀ ಎಂಟೂವರೆ ನಿಮಿಷ ತೆರೆದಿತ್ತು ಅಷ್ಟೆ. ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟೊಂದು ನೀರು ಹೋಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಎರಡನೇ ವಾರ: ತಪ್ಪಿದ ಅಳತೆ

ಡಿಶ್‌ವಾಷರ್‌ನ ನೀರು ಹೊರಹೋಗುವ ಪೈಪನ್ನು ನೆಲದ ಮೇಲಿನ ಬಕೆಟ್‌ಗೆ ಬಿಟ್ಟೆ. ಇಕೋ ಮೋಡ್‌ನಲ್ಲಿ 26 ಲೀಟರ್ ಬಂತು! ಕೈಪಿಡಿಯಲ್ಲಿ 11 ಎಂದಿದೆ. ಮಾರನೇ ದಿನ ಪಕ್ಕದಲ್ಲೇ ಕೂತು ನೋಡಿದೆ. ಪಂಪ್ ಸದ್ದು ಇಲ್ಲದಿದ್ದಾಗಲೂ ಪೈಪಿನಿಂದ ನೀರು ಹರಿಯುತ್ತಲೇ ಇತ್ತು. ಪೈಪಿನ ತುದಿ ಯಂತ್ರದ ತಳದಷ್ಟೇ ಕೆಳಗಿದ್ದರೆ ಒಳಗಿನ ನೀರು ತಾನಾಗಿಯೇ ಎಳೆದುಕೊಂಡು ಹೊರಗೆ ಬರುತ್ತದೆ. ನೀರು ಸಾಲದು ಎಂದು ಯಂತ್ರ ಮತ್ತೆ ತುಂಬಿಸಿಕೊಳ್ಳುತ್ತದೆ. ಪೈಪನ್ನು ಅಡುಗೆಕಟ್ಟೆಯ ಎತ್ತರಕ್ಕೆ ಎತ್ತಿ ಕಟ್ಟಿ, ಬಕೆಟ್ಟನ್ನು ಸ್ಟೂಲ್ ಮೇಲೆ ಇಟ್ಟ ಮೇಲೆ ಸರಿಯಾಗಿ 11 ಲೀಟರ್ ಬಂತು. ನಿಮ್ಮ ಮನೆಯಲ್ಲೂ ಈ ಪೈಪ್ ನೆಲದ ಮಟ್ಟದಲ್ಲೇ ಇದ್ದರೆ ಒಮ್ಮೆ ನೋಡಿಕೊಳ್ಳಿ. ಇದು ಅಳತೆಯ ತಪ್ಪು ಮಾತ್ರ ಅಲ್ಲ, ದಿನಾ ನಿಜವಾಗಿ ಪೋಲಾಗುವ ನೀರು.

ಒಂದು ದಿನ ಮಾತ್ರ 14 ಲೀಟರ್ ಬಂತು. ಗಡಸು ನೀರನ್ನು ಮೆದು ಮಾಡುವ ಭಾಗವನ್ನು ಯಂತ್ರ ಆಗಾಗ ಉಪ್ಪುನೀರಿನಿಂದ ತೊಳೆದುಕೊಳ್ಳುತ್ತದೆ. ಆ ದಿನ ಅದರ ಸರದಿ.

ಮೂರನೇ ವಾರ: ನಿಜವಾದ ಲೆಕ್ಕ

11 ಲೀಟರ್ ಅಂತ ಖುಷಿಪಡುವ ಮೊದಲು ಉಳಿದ ನೀರನ್ನೂ ಸೇರಿಸಬೇಕಿತ್ತು ಅಲ್ವಾ? ದೊಡ್ಡ ಪಾತ್ರೆಗಳು ಯಂತ್ರದೊಳಗೆ ಹಿಡಿಸುವುದಿಲ್ಲ. ಅವಕ್ಕೆ ಕೈಯಲ್ಲಿ 14 ಲೀಟರ್. ಇದರ ಜೊತೆಗೆ, ಯಂತ್ರಕ್ಕೆ ಇಡುವ ಮೊದಲು ನಾವೆಲ್ಲ ತಟ್ಟೆಗಳನ್ನು ನಲ್ಲಿ ಕೆಳಗೆ ಗಲಬರಿಸುತ್ತಿದ್ದೆವು. ಅದನ್ನು ಅಳೆದರೆ 19 ಲೀಟರ್! ಒಟ್ಟು 44. ಯಂತ್ರ ಬಳಸುವುದಕ್ಕಿಂತ ಜಾಸ್ತಿ ನೀರು ಯಂತ್ರಕ್ಕೆ ಮುಂಚಿನ ಗಲಬರಿಕೆಗೇ ಹೋಗುತ್ತಿತ್ತು.

ನಾಲ್ಕು ದಿನ ಆದ ಮೇಲೆ ಅದನ್ನು ನಿಲ್ಲಿಸಿದೆವು. ಮುಸುರೆಯನ್ನು ಚಮಚದಿಂದ ಕೆರೆದು ತೆಗೆದು ಹಾಗೇ ಇಟ್ಟೆವು. ಪಾತ್ರೆ ಅಷ್ಟೇ ಚೊಕ್ಕಟವಾಗಿ ಬಂದವು. ತಳದ ಫಿಲ್ಟರ್ ಮಾತ್ರ ಎರಡು ದಿನಕ್ಕೊಮ್ಮೆ ತೊಳೆಯಬೇಕಾಯಿತು. ಈಗ ದಿನಕ್ಕೆ 25 ಲೀಟರ್ ಚಿಲ್ಲರೆ. ಆದರೆ ಇದು ಯಂತ್ರ ಪೂರ್ತಿ ತುಂಬಿಸಿ ದಿನಕ್ಕೆ ಒಂದೇ ಸಲ ಓಡಿಸಿದಾಗಿನ ಲೆಕ್ಕ. ಅರ್ಧ ತುಂಬಿಸಿದರೂ ನಮ್ಮ ಯಂತ್ರ ಅದೇ 11 ಲೀಟರ್ ತೆಗೆದುಕೊಳ್ಳುತ್ತದೆ.

ಇನ್ನು ಕರೆಂಟು. ಪ್ಲಗ್‌ಗೆ ಮೀಟರ್ ಹಾಕಿ ನೋಡಿದೆ. ಒಂದು ಸಲಕ್ಕೆ 0.88 ಯೂನಿಟ್. ಮೂರು ಗಂಟೆಗೂ ಜಾಸ್ತಿ ಹೊತ್ತು ಓಡುತ್ತದಲ್ಲ, ಅದಕ್ಕೇ ಇಷ್ಟು ಎಂದುಕೊಂಡಿದ್ದೆ. ಹಾಗಲ್ಲ. ಮೋಟಾರ್ ತೆಗೆದುಕೊಳ್ಳುವುದು ಸುಮಾರು 45 ವಾಟ್ ಅಷ್ಟೆ. ಹೀಟರ್ ಎರಡು ಸಲ, ಒಟ್ಟು 23 ನಿಮಿಷ ಉರಿಯುತ್ತದೆ. ಆಗ ಮೀಟರ್ 1900 ವಾಟ್‌ಗೆ ಏರುತ್ತದೆ. 0.73 ಯೂನಿಟ್ ಅಲ್ಲೇ ಖರ್ಚು. ಹೆಚ್ಚು ಬಿಸಿಯ ಮೋಡ್ ಹಾಕಿದ ದಿನ 1.4 ಯೂನಿಟ್ ಆಯಿತು.

ಕೈಯಲ್ಲಿ ತಣ್ಣೀರಲ್ಲೇ ತೊಳೆದರೆ ಬಿಸಿ ಮಾಡುವ ಖರ್ಚು ಸೊನ್ನೆ. ಆ ಮಟ್ಟಿಗೆ ಕರೆಂಟಿನಲ್ಲಿ ಕೈಯೇ ಮೇಲು. ಬಿಸಿನೀರು ಬಳಸಿದರೆ ಕಥೆ ಬೇರೆ. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 1.16 ವಾಟ್-ಅವರ್ ಬೇಕು. ನಮ್ಮ 64 ಲೀಟರಿನಲ್ಲಿ ಅರ್ಧವನ್ನು 20 ಡಿಗ್ರಿ ಏರಿಸಿದರೂ 0.74 ಯೂನಿಟ್. ಯಂತ್ರಕ್ಕಿಂತ ಕಡಿಮೆಯೇನೋ ಹೌದು, ಆದರೆ ದೊಡ್ಡ ವ್ಯತ್ಯಾಸ ಇಲ್ಲ. ಗೀಸರ್ ಮತ್ತು ಪೈಪಿನಲ್ಲಿ ಆರಿಹೋಗುವ ಬಿಸಿ ಇದರಲ್ಲಿ ಸೇರಿಲ್ಲ.

ನಾಲ್ಕನೇ ವಾರ: ಎರಡು ಬೇಸಿನ್

ಕೈಗೂ ಒಂದು ಸರಿಯಾದ ಅವಕಾಶ ಕೊಡಬೇಕು ಅನ್ನಿಸಿತು. ಒಂದು ಬೇಸಿನ್‌ನಲ್ಲಿ 5 ಲೀಟರ್ ಬೆಚ್ಚಗಿನ ಸೋಪಿನ ನೀರು, ಇನ್ನೊಂದರಲ್ಲಿ ಜಾಲಿಸಲು 10 ಲೀಟರ್ ತಣ್ಣೀರು. ನಲ್ಲಿ ಬಂದ್. ದಿನಕ್ಕೆ ಎರಡು ಸಲ ಎಂದರೆ 30 ಲೀಟರ್, ಕರೆಂಟು 0.23 ಯೂನಿಟ್. ನೀರಿನಲ್ಲಿ ಯಂತ್ರದ ಹತ್ತಿರ ಹತ್ತಿರ ಬಂತು, ಕರೆಂಟಿನಲ್ಲಿ ಗೆದ್ದಿತು. ಆದರೆ ಜಿಡ್ಡಿನ ಪಾತ್ರೆ ಜಾಸ್ತಿ ಇದ್ದ ಎರಡು ದಿನ ಜಾಲಿಸುವ ನೀರು ಬೇಗ ಮಬ್ಬಾಗಿ, ಬದಲಿಸಬೇಕಾಯಿತು. ಆ ದಿನಗಳಲ್ಲಿ 40 ಲೀಟರ್ ಆಯಿತು.

ಸದ್ಯಕ್ಕೆ ಮನೆಯಲ್ಲಿ ತಟ್ಟೆ, ಲೋಟ ಯಂತ್ರಕ್ಕೆ, ದೊಡ್ಡ ಪಾತ್ರೆ ಬೇಸಿನ್‌ಗೆ. ಆ 14 ಲೀಟರ್ ಎಷ್ಟಕ್ಕೆ ಇಳಿಯುತ್ತದೆ ಎಂದು ಮುಂದಿನ ವಾರ ಅಳೆಯುತ್ತೇನೆ.