ಕ್ಲಿಕ್ ಬರುತ್ತದೆ, ಫಾರ್ಮ್ ತುಂಬುವವರಿಲ್ಲ

"ಜಾಹೀರಾತಿಗೆ ಕ್ಲಿಕ್ ಚೆನ್ನಾಗಿ ಬರ್ತಿದೆ, ಆದ್ರೆ ಯಾರೂ ಫಾರ್ಮ್ ತುಂಬ್ತಿಲ್ಲ. ಫಾರ್ಮ್ ಚಿಕ್ಕದು ಮಾಡಿದ್ರೆ ಸರಿಹೋಗುತ್ತಾ?"

ಹೋಗಬಹುದು, ಹೋಗದೆಯೂ ಇರಬಹುದು. ಜನ ಎಲ್ಲಿ ವಾಪಸ್ ಹೋಗುತ್ತಿದ್ದಾರೆ ಅಂತ ಮೊದಲು ನೋಡಿ. ಗೂಗಲ್ ಅನಾಲಿಟಿಕ್ಸ್‌ನಲ್ಲಿ `form_start`, `form_submit` ಅಂತ ಎರಡು ಈವೆಂಟ್ ಇವೆ. ಒಂದು ಫಾರ್ಮ್ ಮುಟ್ಟಿದವರ ಲೆಕ್ಕ, ಇನ್ನೊಂದು ಕಳಿಸಿದವರ ಲೆಕ್ಕ.

ಸಾವಿರ ಜನ ಬಂದರು, 40 ಜನ ಫಾರ್ಮ್ ಕಳಿಸಿದರು ಅಂದುಕೊಳ್ಳಿ. ಫಾರ್ಮ್ ಮುಟ್ಟಿದವರೇ 50 ಜನ ಆಗಿದ್ದರೆ ಫಾರ್ಮ್‌ದು ತಪ್ಪಿಲ್ಲ. ಮುಟ್ಟಿದವರಲ್ಲಿ ಬಹುತೇಕರು ಮುಗಿಸಿದ್ದಾರೆ. ಉಳಿದವರು ಪುಟ ನೋಡಿಯೇ ತಿರುಗಿದ್ದಾರೆ. ಅದೇ 400 ಜನ ಶುರು ಮಾಡಿ 40 ಜನ ಮುಗಿಸಿದ್ದರೆ ಕಾಟ ಕೊಡುತ್ತಿರುವುದು ಫಾರ್ಮೇ. ಎರಡರಲ್ಲೂ ಕನ್ವರ್ಷನ್ ರೇಟ್ 4% ಅಂತಲೇ ಕಾಣುತ್ತದೆ, ಮದ್ದು ಮಾತ್ರ ಬೇರೆ.

ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರೊಬ್ಬರು ಇದೇ ಪ್ರಶ್ನೆ ಹಿಡಿದು ಬಂದಿದ್ದರು. ಜಾಹೀರಾತಿನಲ್ಲಿ "14 ದಿನ ಉಚಿತ, ಕಾರ್ಡ್ ಬೇಡ" ಅಂತಿತ್ತು. ಕ್ಲಿಕ್ ಮಾಡಿದರೆ ಪುಟದ ತಲೆಬರಹ "ನಿಮ್ಮ ವ್ಯವಹಾರದ ನಂಬಿಕೆಯ ಸಂಗಾತಿ". ಬಟನ್ ಮೇಲೆ "ಡೆಮೊ ಬುಕ್ ಮಾಡಿ". ಫಾರ್ಮಿನಲ್ಲಿ ಒಂಬತ್ತು ಖಾನೆ, ಅದರಲ್ಲಿ ಫೋನ್ ನಂಬರ್, ವರ್ಷದ ವಹಿವಾಟು ಕೂಡ ಕಡ್ಡಾಯ. ನೀವೇ ಬಳಸಿ ನೋಡಿ ಅಂತ ಕರೆದು, ಒಳಗೆ ಬಂದಮೇಲೆ ನಮ್ಮ ಸೇಲ್ಸ್‌ನವರು ಫೋನ್ ಮಾಡುತ್ತಾರೆ ಅಂದ ಹಾಗಾಯಿತು, ಅಲ್ವಾ?

ಖಾನೆ ಕಿತ್ತುಹಾಕುವ ಮುಂಚೆ ಮಾತು ಸರಿಮಾಡಿದೆವು. ಜಾಹೀರಾತಿನ ಅದೇ ಪದಗಳು ತಲೆಬರಹಕ್ಕೆ ಬಂದವು. ಬಟನ್ "ಉಚಿತವಾಗಿ ಶುರು ಮಾಡಿ" ಅಂತಾಯಿತು. ಆಮೇಲೆ ಫಾರ್ಮಿನಲ್ಲಿ ಇಮೇಲ್, ಪಾಸ್‌ವರ್ಡ್ ಎರಡೇ ಉಳಿದವು. ಅಂಗಡಿ ಹೆಸರು, ವಿಳಾಸ ಎಲ್ಲ ಮೊದಲ ಬಿಲ್ ಮಾಡುವಾಗ ಕೇಳಿದರಾಯಿತು. ಅಲ್ಲಿ ಅವು ಬೇಕೇ ಬೇಕು, ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು ಬದಲಾವಣೆಯನ್ನೂ ಒಂದೇ ದಿನ ಮಾಡಲಿಲ್ಲ. ಮಾಡಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುತ್ತಿರಲಿಲ್ಲ.

ಹಾಗಂತ ಎಲ್ಲರಿಗೂ ಎರಡೇ ಖಾನೆ ಸಾಕು ಅಂತಲ್ಲ. "ನಿಮ್ಮ ಮನೆಗೆ ತಕ್ಕ ಕೊಟೇಶನ್" ಅಂತ ಜಾಹೀರಾತು ಹಾಕಿದ್ದರೆ ಕೋಣೆ ಎಷ್ಟು, ಅಳತೆ ಎಷ್ಟು ಅಂತ ಕೇಳಲೇಬೇಕು. ಕೇಳದೆ ಬರೀ ಇಮೇಲ್ ತೆಗೆದುಕೊಂಡರೆ, ಇವರು ಕೊಟೇಶನ್ ಹೇಗೆ ಕೊಡುತ್ತಾರೆ ಅಂತ ಜನರಿಗೇ ಅನುಮಾನ. ಪ್ರತಿ ಖಾನೆಗೂ ನಾನು ಕೇಳುವುದು ಒಂದೇ: ಜಾಹೀರಾತಿನಲ್ಲಿ ಹೇಳಿದ್ದನ್ನು ಕೊಡಲು ಇದು ಈಗಲೇ ಬೇಕಾ? ವರ್ಷದ ವಹಿವಾಟು ಆ ಪರೀಕ್ಷೆಯಲ್ಲಿ ಫೇಲ್.

ಫಾರ್ಮ್ ಚಿಕ್ಕದಾದಾಗ ಸುಮ್ನೆ ನೋಡಿ ಹೋಗುವವರೂ ಜಾಸ್ತಿ ಬರುತ್ತಾರೆ. ಸೇಲ್ಸ್‌ನವರು ಗೊಣಗಲು ಶುರು ಮಾಡುವುದು ಆಗಲೇ. ಅದಕ್ಕೆ ಬರೀ ಫಾರ್ಮ್ ಎಣಿಸಬೇಡಿ. 14 ದಿನ ಮುಗಿದ ಮೇಲೆ ಹಣ ಕೊಟ್ಟವರು ಎಷ್ಟು, ಅಂಥ ಒಬ್ಬೊಬ್ಬರಿಗೆ ಜಾಹೀರಾತಿನ ಖರ್ಚು ಎಷ್ಟಾಯಿತು ಅಂತ ಹಳೆಯ ಫಾರ್ಮ್ ಇದ್ದಾಗಿನ ಲೆಕ್ಕದ ಪಕ್ಕ ಇಟ್ಟು ನೋಡಿ.